ಕೀವರ್ಡ್ಸ್ ಟ್ಯಾಗ್ ತುಂಬಬೇಕೇ? ಒಂದೇ ಪದವನ್ನು ಎಷ್ಟು ಸಲ ಬರೆಯಬೇಕು?

ಮಹಡಿ ತೋಟ: ಕುಂಡದಲ್ಲಿ ಕರಿಬೇವು ಬೆಳೆಸುವ ಬಗ್ಗೆ 600 ಪದಗಳ ಲೇಖನ ಬರೆದಿದ್ದೇನೆ. ಇದೇ ನನ್ನ ಮೊದಲ ಬ್ಲಾಗ್. ಪರಿಚಯದವರೊಬ್ಬರು ಮೆಟಾ ಕೀವರ್ಡ್ಸ್ ಟ್ಯಾಗ್‌ನಲ್ಲಿ ಇಪ್ಪತ್ತು ಪದಗಳನ್ನು ಹಾಕಲು ಹೇಳಿದರು. ಮುಖ್ಯ ಪದ ಲೇಖನದಲ್ಲಿ ಶೇಕಡಾ 3ರಷ್ಟು ಇರಬೇಕಂತೆ. ಎಣಿಸುವ ಒಂದು ಸಾಧನದಲ್ಲಿ ಹಾಕಿ ನೋಡಿದರೆ ಕೆಂಪು ಬಣ್ಣ ತೋರಿಸುತ್ತಿದೆ. ಅನುಭವ ಇರುವವರು ತಿಳಿಸಿ.

ಹಳೆಯ ವೆಬ್‌ಮಾಸ್ಟರ್: ಮೊದಲು ಟ್ಯಾಗ್‌ನ ವಿಷಯ ಮುಗಿಸೋಣ. ಆ ಸಾಲು ಪುಟದ ತಲೆಭಾಗದಲ್ಲಿ ಹೀಗಿರುತ್ತದೆ:

```
<meta name="keywords" content="ಕರಿಬೇವು, ಕೈತೋಟ">
```

ತೊಂಬತ್ತರ ದಶಕದಲ್ಲಿ ಆಲ್ಟಾವಿಸ್ಟಾ, ಇನ್ಫೋಸೀಕ್‌ನಂಥ ಹುಡುಕುತಾಣಗಳು ಇದನ್ನು ಓದುತ್ತಿದ್ದವು. ಓದುಗರ ಕಣ್ಣಿಗೆ ಬೀಳದ ಸಾಲು ಇದು. ಹಾಗಾಗಿ ಪುಟದಲ್ಲಿ ಇಲ್ಲದ ಪದಗಳನ್ನೂ ಎದುರಾಳಿ ಕಂಪನಿಯ ಹೆಸರನ್ನೂ ಇದರೊಳಗೆ ತುರುಕುವುದು ವಾಡಿಕೆಯಾಯಿತು. ಅಮೆರಿಕದಲ್ಲಿ ‘ಮೂವಿಬಫ್’ ಎಂಬ ಟ್ರೇಡ್‌ಮಾರ್ಕನ್ನು ಬೇರೊಂದು ಕಂಪನಿ ತನ್ನ ಮೆಟಾ ಟ್ಯಾಗ್‌ನಲ್ಲಿ ಬಳಸುವ ವಿಚಾರ ಮೇಲ್ಮನವಿ ನ್ಯಾಯಾಲಯದವರೆಗೂ ಹೋಗಿ, 1999ರಲ್ಲಿ ಬಳಸಕೂಡದೆಂದು ತೀರ್ಪು ಬಂತು. ಬರೆದವನು ತನ್ನ ಬಗ್ಗೆ ತಾನೇ ಕೊಟ್ಟುಕೊಳ್ಳುವ ಪ್ರಮಾಣಪತ್ರವನ್ನು ಯಾರು ತಾನೇ ನಂಬುತ್ತಾರೆ? ವೆಬ್ ಹುಡುಕಾಟದ ಶ್ರೇಯಾಂಕಕ್ಕೆ ಈ ಟ್ಯಾಗ್ ಬಳಸುವುದಿಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಬಹಿರಂಗವಾಗಿ ಹೇಳಿದೆ.

ಇಪ್ಪತ್ತು ಪದ ಹಾಕಿದರೆ ಗೂಗಲ್ ದಂಡಿಸುವುದಿಲ್ಲ, ಮೇಲಕ್ಕೆತ್ತುವುದೂ ಇಲ್ಲ. ನಿಮ್ಮ ಪ್ರತಿಸ್ಪರ್ಧಿಗೆ ಮಾತ್ರ ನೀವು ಯಾವ ಪದಗಳ ಬೆನ್ನು ಹತ್ತಿದ್ದೀರಿ ಎಂಬುದು ಪುಕ್ಕಟೆಯಾಗಿ ತಿಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಪುಟ ತೆರೆದು Ctrl+U ಒತ್ತಿ, ಮೂಲದಲ್ಲಿ `keywords` ಎಂದು ಹುಡುಕಿ. ಉಚಿತ ಥೀಮ್ ಹಾಕಿಕೊಂಡಿದ್ದರೆ ಅದನ್ನು ತಯಾರಿಸಿದವರ ಪದಗಳೇ ಎಲ್ಲ ಪುಟಗಳಲ್ಲೂ ಉಳಿದಿರುವುದುಂಟು. ಕಂಡರೆ ಅಳಿಸಿ, ಕಾಣದಿದ್ದರೆ ಸೇರಿಸಲು ಹೋಗಬೇಡಿ.

ಶಿರಸಿ ತೋಟ: ಗೂಗಲ್ ಒಂದೇ ಅಲ್ಲವಲ್ಲ, ಬಿಂಗ್ ನೋಡುತ್ತದೆ ಎಂದು ಓದಿದ್ದೇನೆ. ನಾನು ಟ್ಯಾಗ್ ಹಾಕುತ್ತೇನೆ, ಅಡಿಕೆ ಬಗೆಗಿನ ನನ್ನ ಲೇಖನಗಳು ಮೊದಲ ಪುಟದಲ್ಲೇ ಬರುತ್ತವೆ. ಮೆಟಾ ಟ್ಯಾಗ್‌ಗಳೇ ವ್ಯರ್ಥ ಎನ್ನುವುದಾದರೆ ಡಿಸ್ಕ್ರಿಪ್ಶನ್ ಬರೆಯುವುದೂ ದಂಡವೇ?

ಹಳೆಯ ವೆಬ್‌ಮಾಸ್ಟರ್: ಬಿಂಗ್‌ನವರು ನೋಡುವುದಾಗಿ ಹೇಳಿದ್ದು ನಿಜ, ಆದರೆ ಸ್ಪ್ಯಾಮ್ ಹಿಡಿಯುವ ಸಲುವಾಗಿ. ಅದರಿಂದ ನಿಮಗೆ ಲಾಭವಿಲ್ಲ. ನಿಮ್ಮ ಲೇಖನಗಳು ಮೇಲೆ ಬರುವುದಕ್ಕೆ ಕನ್ನಡದಲ್ಲಿ ಅಡಿಕೆಯ ರೋಗಗಳ ಬಗ್ಗೆ ವಿವರವಾಗಿ ಬರೆಯುವವರು ಕಡಿಮೆ ಇರುವುದೇ ಕಾರಣವಿರಬಹುದು. ಟ್ಯಾಗ್ ಇದ್ದೂ ಮೇಲೆ ಬಂದರೆ ಟ್ಯಾಗ್‌ನಿಂದ ಬಂದಂತಲ್ಲ. ಒಂದು ಲೇಖನದಿಂದ ತೆಗೆದು ಒಂದೆರಡು ತಿಂಗಳು ನೋಡಿ.

ಡಿಸ್ಕ್ರಿಪ್ಶನ್ ಕಥೆ ಬೇರೆ. ಅದೂ ಶ್ರೇಯಾಂಕ ಹೆಚ್ಚಿಸುವುದಿಲ್ಲ, ಆದರೆ ಹುಡುಕಾಟದ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಎರಡು ಸಾಲಾಗಿ ಗೂಗಲ್ ಅದನ್ನು ಬಳಸಿಕೊಳ್ಳಬಹುದು. ಬಹಳ ಸಲ ಅದನ್ನು ಬಿಟ್ಟು ಲೇಖನದಿಂದಲೇ ಬೇರೆ ಸಾಲು ಆರಿಸಿಕೊಳ್ಳುತ್ತದೆ. ಹಾಗಿದ್ದರೂ ಬರೆದಿಡುವುದು ಒಳ್ಳೆಯದು.

ಅಡುಗೆಮನೆ ಬರಹ: ನಾನು ಬ್ಲಾಗರ್‌ನಲ್ಲಿ ಪ್ರತಿ ಅಡುಗೆಗೂ ಹದಿನೈದು ಲೇಬಲ್ ಹಾಕುತ್ತೇನೆ. ‘ಚಟ್ನಿ’, ‘ಚಟ್ನಿಗಳು’, ‘ಸುಲಭ ಚಟ್ನಿ’ ಎಲ್ಲವೂ ಇವೆ. ಅದನ್ನೂ ತೆಗೆಯಬೇಕೇ? ಅಯ್ಯೋ, ಇನ್ನೂರಕ್ಕೂ ಹೆಚ್ಚು ಬರಹಗಳಿವೆ!

ಕರಡು ತಿದ್ದುವವಳು: ಲೇಬಲ್ ಮತ್ತು ಈ ಟ್ಯಾಗ್ ಎರಡೂ ಒಂದಲ್ಲ ಅಮ್ಮಾ. ಲೇಬಲ್ ಒತ್ತಿದರೆ ಓದುಗರಿಗೆ ಒಂದು ಪಟ್ಟಿ ಸಿಗುತ್ತದೆ, ಅದು ಕೆಲಸಕ್ಕೆ ಬರುವ ವಸ್ತು. ನಿಮ್ಮ ಮೂರು ಚಟ್ನಿಗಳು ಮಾತ್ರ ಒಂದಾಗಲಿ.

ಈಗ ಶೇಕಡಾ 3ರ ಲೆಕ್ಕ. 600 ಪದಗಳಿಗೆ ಶೇಕಡಾ 3 ಎಂದರೆ ಹದಿನೆಂಟು ಸಲ ‘ಕರಿಬೇವು’. ಇಷ್ಟಿದ್ದರೆ ಸರಿ ಎಂಬ ಅಳತೆಯನ್ನು ಗೂಗಲ್ ಎಂದೂ ಕೊಟ್ಟಿಲ್ಲ. ಅದರ ಸ್ಪ್ಯಾಮ್ ನೀತಿಯಲ್ಲಿ ಪದ ತುರುಕುವುದನ್ನು ಹೆಸರಿಸಿಯೇ ನಿಷೇಧಿಸಿದೆ. ಹಸಿರು, ಕೆಂಪು ದೀಪಗಳು ಆಯಾ ಸಾಧನ ಮಾಡಿದವರ ನಿಯಮ, ಹುಡುಕುತಾಣದ್ದಲ್ಲ. ಆ ದೀಪವನ್ನು ಹಸಿರು ಮಾಡಲು ಹೊರಟವರ ಕನ್ನಡ ಹೇಗಾಗುತ್ತದೆ ನೋಡಿ:

“ಕರಿಬೇವು ಮನೆಯಲ್ಲಿ ಬೆಳೆಸುವುದು ಸುಲಭ. ಕರಿಬೇವು ಮನೆಯಲ್ಲಿ ಬೆಳೆಸಲು ಕುಂಡ ಬೇಕು. ಕುಂಡದಲ್ಲಿ ಕರಿಬೇವು ಬೆಳೆಸುವಾಗ ಕರಿಬೇವು ಗಿಡಕ್ಕೆ ಬಿಸಿಲು ಬೇಕು.”

ಹದಿನಾರು ಪದಗಳಲ್ಲಿ ನಾಲ್ಕು ಸಲ, ಅಂದರೆ ಶೇಕಡಾ 25. ‘ಕರಿಬೇವಿನ ಗಿಡಕ್ಕೆ’ ಎನ್ನಬೇಕಾದಲ್ಲಿ ‘ಕರಿಬೇವು ಗಿಡಕ್ಕೆ’ ಎಂದಾಗಿದೆ, ಏಕೆಂದರೆ ವಿಭಕ್ತಿ ಹಚ್ಚಿದರೆ ಸಾಧನ ಅದನ್ನು ಬೇರೆ ಪದವೆಂದು ಎಣಿಸುತ್ತದೆ. ಇದನ್ನೇ ಹೀಗೆ ಬರೆದರೆ:

“ಕುಂಡದಲ್ಲಿ ಕರಿಬೇವಿನ ಸಸಿ ನೆಟ್ಟು, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ಇಡಿ. ತುದಿ ಚಿವುಟುತ್ತಿದ್ದರೆ ಗಿಡ ಕವಲೊಡೆಯುತ್ತದೆ.”

ಸಾಧನದ ಲೆಕ್ಕದಲ್ಲಿ ಇಲ್ಲಿ ‘ಕರಿಬೇವು’ ಸೊನ್ನೆ. ಓದುಗನಿಗೆ ಮಾತ್ರ ಬೇಕಾದುದೆಲ್ಲ ಇದೆ. ನಿಮ್ಮ ಕೆಂಪು ದೀಪಕ್ಕೂ ಇದೇ ಕಾರಣವಿರಬಹುದು. ಕರಿಬೇವಿನ, ಕರಿಬೇವಿಗೆ, ಕರಿಬೇವನ್ನು ಎಂಬವನ್ನೂ ಕೈಯಾರೆ ಎಣಿಸಿ ನೋಡಿ.

ಶಿರಸಿ ತೋಟ: ಹಾಗಾದರೆ ಪದವೇ ಬೇಡವೇ? ಅದೂ ಅತಿಯಾಯಿತು.

ಕರಡು ತಿದ್ದುವವಳು: ಬೇಡ ಎಂದೆನೇ? ಜನ ಹುಡುಕುವ ಪದ ಪುಟದಲ್ಲಿ ಇರುವುದು ಮೂಲಭೂತ ಸುಳಿವು, ಇದನ್ನು ಗೂಗಲ್ ಕೂಡ ಹೇಳುತ್ತದೆ. ಶೀರ್ಷಿಕೆಯಲ್ಲಿ ಒಮ್ಮೆ, ಮೊದಲ ಪ್ಯಾರಾದಲ್ಲಿ ಒಮ್ಮೆ ‘ಕರಿಬೇವು’ ಎಂದು ವಿಭಕ್ತಿಯಿಲ್ಲದೆ ಬರಲಿ. ಆಮೇಲೆ ವಾಕ್ಯ ಕೇಳಿದ ಕಡೆ ಕೇಳಿದ ರೂಪದಲ್ಲಿ ಬರಲಿ. ಗಟ್ಟಿಯಾಗಿ ಓದಿಕೊಳ್ಳಿ. ‘ಗಿಡ’ ಅಥವಾ ‘ಅದು’ ಎಂದರೆ ಸಾಕಿದ್ದ ಜಾಗದಲ್ಲಿ ಹೆಸರು ಬಂದಿದ್ದರೆ ನಾಲಿಗೆಯೇ ತಡವರಿಸುತ್ತದೆ.

ಮಹಡಿ ತೋಟ: ಕೈಯಾರೆ ಎಣಿಸಿದೆ. ಸಾಧನ ನಾಲ್ಕು ಎಂದಿತ್ತು, ಎಲ್ಲ ರೂಪ ಸೇರಿ ಹನ್ನೊಂದು ಇವೆ. ಹಾಗೇ ಬಿಡುತ್ತೇನೆ. ಇನ್ನೊಂದು ಸಂದೇಹ: ಹಲವರು ಇಂಗ್ಲಿಷ್ ಅಕ್ಷರಗಳಲ್ಲಿ `karibevu` ಎಂದು ಟೈಪ್ ಮಾಡಿ ಹುಡುಕುತ್ತಾರಲ್ಲ, ಅದನ್ನೂ ಲೇಖನದಲ್ಲಿ ಸೇರಿಸಲೇ?

ಅಡುಗೆಮನೆ ಬರಹ: ನಾನು ಎಲ್ಲ ಶೀರ್ಷಿಕೆಗಳಲ್ಲೂ ಎರಡೂ ಲಿಪಿ ಹಾಕುತ್ತೇನೆ. ಹಾಗೆ ಬಂದ ಓದುಗರು ಬಹಳ.

ಕರಡು ತಿದ್ದುವವಳು: ನನಗೆ ಅದು ಕಣ್ಣಿಗೆ ಚುಚ್ಚುತ್ತದೆ. ಪುಟದ ವೆಬ್ ವಿಳಾಸದಲ್ಲಿ ಇರಲಿ, ಶೀರ್ಷಿಕೆಯಲ್ಲಿ ಬೇಡ.

ಹಳೆಯ ವೆಬ್‌ಮಾಸ್ಟರ್: ನಾವು ಜಗಳವಾಡಿ ತೀರ್ಮಾನಿಸುವ ಬದಲು ಗೂಗಲ್‌ನ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಬ್ಲಾಗ್ ನೋಂದಾಯಿಸಿ. ಪರ್ಫಾರ್ಮೆನ್ಸ್ ವರದಿಯಲ್ಲಿ ಜನ ಏನೆಂದು ಟೈಪ್ ಮಾಡಿದಾಗ ನಿಮ್ಮ ಪುಟ ಕಂಡಿತು ಎಂಬ ಪಟ್ಟಿ ಇರುತ್ತದೆ. ಬೆರಳೆಣಿಕೆಯ ಜನ ಹುಡುಕಿದ ಮಾತುಗಳನ್ನು ಗೋಪ್ಯತೆಗಾಗಿ ತೋರಿಸುವುದಿಲ್ಲ, ಆದ್ದರಿಂದ ಹೊಸ ಬ್ಲಾಗ್‌ನ ಪಟ್ಟಿ ಮೊದಮೊದಲು ಬರಿದಾಗಿದ್ದರೆ ಗಾಬರಿ ಬೇಡ. ಅಲ್ಲಿ `karibevu` ಎಂದು ಕಂಡರೆ ಸೇರಿಸಿ. ‘ಎಲೆ ಹಳದಿ’ ಎಂದು ಕಂಡರೆ ಆ ಬಗ್ಗೆ ಒಂದು ಪ್ಯಾರಾ ಬರೆಯಿರಿ.

ಶಿರಸಿ ತೋಟ: ಒಂದು ಲೇಖನದಿಂದ ಟ್ಯಾಗ್ ತೆಗೆದಿದ್ದೇನೆ. ಬಿದ್ದುಹೋದರೆ ಇಲ್ಲೇ ಬಂದು ಕೇಳುತ್ತೇನೆ.