‘bale’ ಎಂದರೆ ಬಲೆಯೋ, ಬಳೆಯೋ, ಬಾಳೆಯೋ?

ಕಾರವಾರದಿಂದ ಪ್ರಶ್ನೆ:
ಮಾನ್ಯರೇ, ಮನೆಯ ಪೂಜೆಗೆಂದು ಶಿರಸಿಯ ಭಾವನವರಿಗೆ ಮೊಬೈಲಿನಲ್ಲಿ ಹೀಗೆ ಬರೆದಿದ್ದೆ:

```
baruvaga 4 dajan bale tanni
```

ಊಟದ ಎಲೆ ಬರುತ್ತದೆಂದು ಕಾದಿದ್ದೆ. ಅವರು ಗಾಜಿನ ಬಳೆ ತಂದರು. ಬಳೆಯನ್ನು ಡಜನ್ ಲೆಕ್ಕದಲ್ಲೇ ಕೊಳ್ಳುವುದರಿಂದ ಅವರಿಗೆ ಅನುಮಾನವೇ ಬಂದಿರಲಿಲ್ಲ. ನನ್ನ ಸಂದೇಶಗಳನ್ನು ಓದುವವರಲ್ಲಿ ಶಿರಸಿಯ ಹಿರಿಯರಿದ್ದಾರೆ, ಕನ್ನಡ ಮಾತಾಡಿದರೂ ಓದಲಾರದ ಮುಂಬಯಿಯ ಮಕ್ಕಳಿದ್ದಾರೆ. ಯಾರಿಗೆ ಯಾವ ಲಿಪಿ ಸರಿ? ಇಂಥ ಬರವಣಿಗೆಯನ್ನು ‘ಕಂಗ್ಲಿಷ್’ ಎನ್ನಬಹುದೇ?

ಕುಮಟೆಯಿಂದ:
‘ಕಂಗ್ಲಿಷ್’ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ‘ಮೀಟಿಂಗ್ ಕ್ಯಾನ್ಸಲ್ ಆಯ್ತು’ ಎಂಬಲ್ಲಿ ಲಿಪಿ ಕನ್ನಡದ್ದು, ಬೆರಕೆ ಮಾತಿನದು. ತಮ್ಮ ಸಂದೇಶದಲ್ಲಿ ಮಾತು ಕನ್ನಡ, ಲಿಪಿ ಮಾತ್ರ ಹೊರಗಿನದು. ಆದ್ದರಿಂದ ‘ರೋಮನ್ ಲಿಪಿಯ ಕನ್ನಡ’ ಎನ್ನುವುದೇ ಸ್ಪಷ್ಟ. ಅದರಲ್ಲಿ ಲ–ಳ ವ್ಯತ್ಯಾಸವೂ ಹ್ರಸ್ವ–ದೀರ್ಘವೂ ಅಳಿಸಿಹೋಗುತ್ತವೆ. ‘samudrakke bale bisidaru’ ಎಂದಾಗ ಕ್ರಿಯಾಪದವೇ ಅರ್ಥವನ್ನು ಕಾಯುತ್ತದೆ. ‘ತನ್ನಿ’ ಎಂಬುದಕ್ಕೆ ಆ ಶಕ್ತಿಯಿಲ್ಲ. ಸಾಮಾನಿನ ಪಟ್ಟಿ, ಊರಿನ ಹೆಸರು, ಒಂಟಿ ನಾಮಪದ, ಇವನ್ನು ಕನ್ನಡ ಓದಬಲ್ಲವರಿಗೆ ಕನ್ನಡ ಲಿಪಿಯಲ್ಲೇ ಬರೆಯಬೇಕು.

ಅಂಕೋಲೆಯಿಂದ:
ಇಷ್ಟು ಚರ್ಚೆ ಏಕೆ? ದೊಡ್ಡಕ್ಷರ ಬಳಸಿ bale, baLe, baaLe ಎಂದು ಬರೆದರೆ ಮೂರೂ ಬೇರೆಯಾಗುತ್ತವೆ.

ಕುಮಟೆಯಿಂದ:
ಆಗುತ್ತವೆ, ಆದರೆ ಓದುವವರಿಗೂ ಆ ಕಟ್ಟಳೆ ತಿಳಿದಿರಬೇಕು. ಮುಂಬಯಿಯ ಮಗು ನಡುವಿನ L ಅನ್ನು ಬೆರಳು ತಪ್ಪಿ ಬಿದ್ದದ್ದೆಂದೇ ಭಾವಿಸುತ್ತದೆ. ಮುಂದೆ ಹುಡುಕುವಾಗಲೂ ಸಾಮಾನ್ಯವಾಗಿ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಎಂದು ಎಣಿಸುವುದರಿಂದ bale, baLe ಮತ್ತೆ ಕೂಡಿಕೊಳ್ಳುತ್ತವೆ. ದೀರ್ಘಕ್ಕೆ aa ಬರೆಯುವ ರೂಢಿ ಮಾತ್ರ ಹೇಗೋ ಎಲ್ಲರಿಗೂ ತಿಳಿಯುತ್ತದೆ.

ಹೊನ್ನಾವರದಿಂದ:
ನನ್ನ ತಂದೆಯವರಿಗೆ ಕಣ್ಣು ಮಂಜಾಗಿದ್ದು, ಸಂದೇಶಗಳನ್ನು ಮೊಬೈಲೇ ಓದಿ ಹೇಳುತ್ತದೆ. ಕನ್ನಡ ಲಿಪಿಯಾದರೆ ತಿಳಿಯುತ್ತದೆ. ರೋಮನ್ ಲಿಪಿಯ ‘bale’ ಅನ್ನು ಅದು ಇಂಗ್ಲಿಷಿನ ‘ಬೇಲ್’ ಎಂದು ಉಚ್ಚರಿಸಿದಾಗ ಅವರು ಹತ್ತಿಯ ಮೂಟೆ ಎಂದುಕೊಂಡರು.

ಶಿರಸಿಯಿಂದ:
ಅನ್ಯಭಾಷೆಯ ಪದಗಳನ್ನು ಕನ್ನಡಕ್ಕೆ ತರುವ ಪ್ರಶ್ನೆಯೆಂದು ತಿಳಿದು ಬರೆಯುತ್ತಿದ್ದೇನೆ: ‘ಡಜನ್’ ಬಿಟ್ಟು ‘ನಲವತ್ತೆಂಟು’ ಎಂದಿದ್ದರೆ ಸಾಕಿತ್ತು. ಮಕ್ಕಳಿಗೆ ಇಂಗ್ಲಿಷಿನಲ್ಲೇ ‘ಬನಾನಾ ಲೀಫ್’ ಎಂದು ಬರೆಯಬಹುದು.

ಕಾರವಾರದಿಂದ:
ಸಾದಾ ಎಲೆಯಾದರೆ ಇಂಗ್ಲಿಷ್ ಸಾಕು. ಆದರೆ ನನಗೆ ಬೇಕಾದದ್ದು ಕುಡಿಬಾಳೆ. ತುದಿಯುಳ್ಳ ಎಲೆ ಎಂದು ವಿವರಿಸುವಷ್ಟರಲ್ಲಿ ವಾಕ್ಯ ಉದ್ದವಾಗುತ್ತದೆ. ಹಾಗಾಗಿ ಹಿರಿಯರಿಗೆ ಕನ್ನಡ ಲಿಪಿಯನ್ನೂ, ಮಕ್ಕಳಿಗೆ ‘kudibaale’ ಎಂಬ ರೂಪದ ಜೊತೆಗೆ ಒಂದು ಚಿತ್ರವನ್ನೂ ಕಳುಹಿಸಲು ನಿಶ್ಚಯಿಸಿದ್ದೇನೆ. ಒಂದು ತೊಡಕು ಉಳಿದಿದೆ: ನಮ್ಮ ಕಾಳಿ ನದಿಯ ಹೆಸರನ್ನು ‘Kali’ ಎಂದು ಬರೆಯುವುದೇ ರೂಢಿ, ಮಕ್ಕಳು ಅದನ್ನು ‘ಕಲಿ’ ಎಂದೇ ಓದುತ್ತಾರೆ. ರೂಢಿಯನ್ನು ಬಿಟ್ಟು ‘Kaali’ ಎಂದು ಬರೆದರೆ ನಕ್ಷೆಯಲ್ಲಿ ಹುಡುಕುವವರಿಗೆ ತೊಂದರೆಯಾಗದೇ?