ಬಿಲ್ ಇದ್ದರೂ ಕ್ರೆಡಿಟ್ ಯಾಕೆ ಸಿಗಲಿಲ್ಲ

"ಅಕ್ಕ, ಪೇಂಟ್ ಬಿಲ್ ಇದೆ, ದುಡ್ಡೂ ಪೂರ್ತಿ ಕೊಟ್ಟಿದೀನಿ. ಆದ್ರೂ 36,000 ಕ್ರೆಡಿಟ್ ಈ ತಿಂಗಳು ಬರಲ್ಲ ಅಂತಾರೆ ಆಡಿಟರ್. ಯಾಕೆ?"

ನೋಡು ತಮ್ಮ, ಲೆಕ್ಕ ಮೊದಲು ಹೇಳಿಬಿಡ್ತೀನಿ. ನೀನು ಜುಲೈನಲ್ಲಿ 2 ಲಕ್ಷದ ಪೇಂಟ್ ತಗೊಂಡೆ. 18% ಅಂದ್ರೆ 36,000 ತೆರಿಗೆ ಸೇರಿಸಿ ಮಾರಿದವರಿಗೆ ಕೊಟ್ಟೆ. ನಿನ್ನ ಗಿರಾಕಿಗಳಿಂದ ನೀನು ವಸೂಲಿ ಮಾಡಿದ ತೆರಿಗೆ 50,000. ಅದರಲ್ಲಿ ಮೊದಲೇ ಕೊಟ್ಟ 36,000 ಕಳೆದು ಉಳಿದ 14,000 ಮಾತ್ರ ಕಟ್ಟಬೇಕು. ಈ ಕಳೆಯೋದಕ್ಕೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನೋದು.

ಆದರೆ ನಿನ್ನ ಕೈಲಿರೋ ಬಿಲ್ ಒಂದೇ ಸಾಲದು. ಮಾರಿದವರು ಆ ಬಿಲ್ಲನ್ನು ತಮ್ಮ GSTR-1 ಅನ್ನೋ ಮಾರಾಟದ ರಿಟರ್ನಿನಲ್ಲಿ ನಿನ್ನ ಜಿಎಸ್‌ಟಿ ನಂಬರ್ ಹಾಕಿ ತೋರಿಸಬೇಕು. ಆಗ ಮುಂದಿನ ತಿಂಗಳು 14ನೇ ತಾರೀಖು ತಯಾರಾಗೋ, ನಿನಗೆ ಸಿಗೋ ಕ್ರೆಡಿಟ್‌ಗಳ GSTR-2B ಪಟ್ಟಿಗೆ ಅದು ಬರುತ್ತೆ. ಮೊದಲು ಪಟ್ಟಿಯಲ್ಲಿ ಇಲ್ಲದ್ದಕ್ಕೂ ಸ್ವಲ್ಪ ಕ್ರೆಡಿಟ್ ಬಿಡ್ತಿದ್ದರು. 2022ರ ಜನವರಿಯಿಂದ ಅದೂ ಇಲ್ಲ.

ನೀನು ಕಳಿಸಿದ ಬಿಲ್ ಫೋಟೋ ದೊಡ್ಡದು ಮಾಡಿ ನೋಡಿದೆ. 29ರಿಂದ ಶುರುವಾಗೋ ನಿನ್ನ 15 ಅಕ್ಷರದ ನಂಬರ್ ಸರಿಯಾಗೇ ಇದೆ. ಅದಕ್ಕೇ ಅವರ ಅಕೌಂಟ್ಸ್ ಹುಡುಗನಿಗೆ ಫೋನ್ ಮಾಡಿದೆ. ರಿಟರ್ನ್ ತುಂಬುವಾಗ ನಿನ್ನ ನಂಬರ್ ಬಿಟ್ಟುಹೋಗಿ, ನಿನ್ನ ಬಿಲ್ B2C ಲೆಕ್ಕಕ್ಕೆ, ಅಂದ್ರೆ ನಂಬರ್ ಇಲ್ಲದ ಸಾಮಾನ್ಯ ಗಿರಾಕಿಗಳ ಒಟ್ಟು ಮೊತ್ತಕ್ಕೆ, ಸೇರಿಕೊಂಡಿದೆ. ಸರ್ಕಾರಕ್ಕೆ ತೆರಿಗೆ ಹೋಗಿದೆ, ಆದರೆ ನಿನ್ನ ಹೆಸರಿಗೆ ಬಿದ್ದಿಲ್ಲ. ನಂಗೆ ನಿಜವಾಗ್ಲೂ ಬೇಜಾರಾಯ್ತು, ನಿನ್ನ ತಪ್ಪು ಒಂಚೂರೂ ಇಲ್ಲ.

ಈಗ ಅವರು ಆಗಸ್ಟ್ ತಿಂಗಳ GSTR-1ನಲ್ಲಿ B2C ಮೊತ್ತದಿಂದ ಇದನ್ನು ಕಳೆದು, ಅದೇ ಬಿಲ್ ನಂಬರ್, ಅದೇ ಜುಲೈ ತಾರೀಖು ಹಾಕಿ B2Bಗೆ, ಅಂದ್ರೆ ನಂಬರ್ ಇರೋ ವ್ಯಾಪಾರಿಗಳ ಲೆಕ್ಕಕ್ಕೆ, ಸೇರಿಸಬೇಕು. ಕಳೆಯೋದು ಮರೆತರೆ ಅವರಿಗೆ ಎರಡು ಸಲ ತೆರಿಗೆ ಬೀಳುತ್ತೆ. ಆ ಭಯಕ್ಕೇ ಎಷ್ಟೋ ಜನ ತಿದ್ದೋಕೆ ಮುಂದೂಡ್ತಾರೆ. ಅದಕ್ಕೆ ಎರಡೂ ಕಡೆ ತಿದ್ದಿ ಅಂತ ಬಿಡಿಸಿ ಹೇಳು. ಸೆಪ್ಟೆಂಬರ್ 11ರೊಳಗೆ ಹಾಕಿದರೆ 14ರ ನಿನ್ನ ಪಟ್ಟಿಗೆ ಬರುತ್ತೆ. ಪೋರ್ಟಲಿನ IMSನಲ್ಲಿ, ಅಂದ್ರೆ ನಿನ್ನ ಹೆಸರಿಗೆ ಬಂದ ಬಿಲ್‌ಗಳನ್ನು ಒಪ್ಪೋ ಇಲ್ಲಾ ತಳ್ಳಿಹಾಕೋ ಜಾಗದಲ್ಲಿ, ಆ ಬಿಲ್ ಕಂಡಾಗ ಕೈತಪ್ಪಿ Reject ಒತ್ತಬೇಡ.

ಹಾಗಾಗಿ ಈ ಆಗಸ್ಟ್ 20ಕ್ಕೆ ಪೂರ್ತಿ 50,000 ಕಟ್ಟಲೇಬೇಕು. ಹೇಗೂ ಬರುತ್ತಲ್ಲ ಅಂತ ಈಗಲೇ 36,000 ಕಳೆದು ಕಟ್ಟಿದರೆ ಆ ಮೊತ್ತ ಕಟ್ಟು ಅಂತ ನೋಟಿಸ್ ಬರಬಹುದು, ಬಳಸಿದ ಕ್ರೆಡಿಟ್ಟಿಗೆ ವರ್ಷಕ್ಕೆ 18% ಬಡ್ಡಿ ಬೇರೆ. ಕ್ರೆಡಿಟ್ ಏನೂ ಮುಳುಗಿಲ್ಲ. ಈ ಹಣಕಾಸು ವರ್ಷ ಮುಗಿದ ಮೇಲೆ ಬರೋ ನವೆಂಬರ್ 30ರವರೆಗೆ ಸಮಯ ಇದೆ, ಆ ವರ್ಷದ ವಾರ್ಷಿಕ ರಿಟರ್ನ್ ಮೊದಲೇ ಹಾಕಿದರೆ ಮಾತ್ರ ಅಲ್ಲಿಗೇ ಮುಗೀತು.

ಮುಂದಿನ ಸಲ ಅವರಿಗೆ ಮಾಲಿನ ದುಡ್ಡು ಕೊಟ್ಟುಬಿಡು, ತೆರಿಗೆ ಭಾಗ ಮಾತ್ರ ಪಟ್ಟಿಯಲ್ಲಿ ಬಿಲ್ ಕಂಡ ಮೇಲೆ ಕೊಡ್ತೀನಿ ಅಂತ ಮೊದಲೇ ಮಾತಾಡಿಕೋ. ಬಿಲ್ ತಾರೀಖಿಂದ 180 ದಿನ ಮಾತ್ರ ದಾಟಿಸಬೇಡ, ದಾಟಿದರೆ ಕೊಡದೆ ಉಳಿಸಿದ ಭಾಗದ ಕ್ರೆಡಿಟ್ ವಾಪಸ್ ಕಟ್ಟಬೇಕಾಗುತ್ತೆ. ಅವರಿಗೆ ಇವತ್ತೇ ಫೋನ್ ಮಾಡು, ಬಿಲ್ ಫೋಟೋನೂ ಕಳಿಸು.