ಹೋಂಸ್ಟೇ ಇಮೇಲ್ ಅತಿಥಿಗಳು ಓದುತ್ತಿಲ್ಲ, ಹೇಗೆ ಚಿಕ್ಕದು ಮಾಡೋದು?

ಗಾಳಿಬೀಡು ಹೋಂಸ್ಟೇ: ಬುಕಿಂಗ್ ಆದವರಿಗೆ ಒಂದು ಇಮೇಲ್ ಕಳಿಸುತ್ತೇನೆ. ದಾರಿ, ಜೀಪು, ಊಟ, ಜಿಗಣೆ ಎಲ್ಲಾ ಅದರಲ್ಲೇ ಇದೆ. ಆದರೂ ಚಿಕ್ಕ ಕಾರು ತಂದು ಏರಿನಲ್ಲಿ ಸಿಕ್ಕಿಕೊಂಡು ಫೋನ್ ಮಾಡುತ್ತಾರೆ. ಏನು ಬದಲಿಸಲಿ?

ಮಡಿಕೇರಿ ಟ್ರಾವೆಲ್ಸ್: ಮೊದಲು ಆ ಇಮೇಲನ್ನು ನಿಮಗೇ ಕಳಿಸಿ, ಫೋನಿನಲ್ಲಿ ತೆರೆದು ನೋಡಿ. ಕಂಪ್ಯೂಟರ್‌ನಲ್ಲಿ ನಾಲ್ಕು ಸಾಲು ಕಾಣುವ ಪ್ಯಾರಾ ಅಲ್ಲಿ ಅರ್ಧ ಸ್ಕ್ರೀನ್ ತುಂಬುತ್ತದೆ, ಅದರ ಹೊಟ್ಟೆಯೊಳಗೆ ಜೀಪಿನ ಮಾತು ಇದ್ದರೆ ಬೆರಳು ಅದನ್ನು ದಾಟಿ ಹೋಗುತ್ತದೆ. ಇನ್‌ಬಾಕ್ಸ್‌ನಲ್ಲಿ ಕಾಣೋದು ವಿಷಯದ ಸಾಲಿನ ಮೊದಲ ಕೆಲವು ಪದಗಳು, ಅದರ ಕೆಳಗೆ ಪತ್ರದ ಶುರು, ಅಷ್ಟೇ. ನೀವು ಅಲ್ಲಿ 'ನಮ್ಮ ಹಸಿರು ಮಡಿಲಿಗೆ ತಮಗೆ ಹಾರ್ದಿಕ ಸ್ವಾಗತ' ಅಂತ ಬರೆದಿದ್ದರೆ ಆ ಜಾಗ ಸುಮ್ನೆ ಹೋಯಿತು. ಹೀಗೆ ಶುರು ಮಾಡಿ:

ವಿಷಯ: ಶನಿವಾರ: ಕಾರು ಕೆಳಗೆ, ಮೇಲಕ್ಕೆ ಜೀಪು

ಕೊನೆಯ ಏರು ಕಾರಿಗೆ ಆಗದು. ಕೆಳಗಿನ ಅಂಗಡಿ ಹತ್ತಿರ ನಿಲ್ಲಿಸಿ.

ಜೀಪು ಸಂಜೆ 5ರ ತನಕ ಮಾತ್ರ.

ಮಳೆಯಲ್ಲಿ ನೆಟ್‌ವರ್ಕ್ ಹೋಗುತ್ತದೆ. ಈ ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ.

ಫೋನ್ ನಂಬರ್ ಬೇರೆ ಸಾಲಿನಲ್ಲಿ ಒಂಟಿಯಾಗಿರಲಿ, ಒತ್ತಲು ಸುಲಭ. ಪ್ಯಾರಾಗಳ ಮಧ್ಯೆ ಒಂದು ಖಾಲಿ ಸಾಲು ಬಿಡಿ. ತೋಟದ ಕಥೆ, ಊಟದ ಪಟ್ಟಿ ಎಲ್ಲ ಕೆಳಗೆ.

ಸುಂಟಿಕೊಪ್ಪದಿಂದ: ಅಷ್ಟೆಲ್ಲ ಯಾಕೆ? ಪ್ರತಿ ವಾಕ್ಯಕ್ಕೂ ಎಂಟರ್ ಹೊಡೆದರೆ ಆಯ್ತು. ಉಳಿದದ್ದು ಪಿಡಿಎಫ್ ಮಾಡಿ ಲಗತ್ತಿಸಿ.

ಮಡಿಕೇರಿ ಟ್ರಾವೆಲ್ಸ್: ಜಾಗ ಬಿಡಬೇಕು ಅನ್ನೋದು ಸರಿ. ಆದರೆ ಎಲ್ಲವನ್ನೂ ಒಂದೊಂದೇ ಸಾಲು ಮಾಡಿದರೆ ಜೀಪೂ ಜಿಗಣೆಯೂ ಒಂದೇ ತೂಕ ಅನ್ನಿಸುತ್ತದೆ, ಯಾವುದು ಮುಖ್ಯ ಅಂತ ತಿಳಿಯೋದಿಲ್ಲ. ಒಂದು ಪ್ಯಾರಾಗೆ ಒಂದು ವಿಷಯ, ಎರಡು ಮೂರು ವಾಕ್ಯ ಇದ್ದರೂ ತೊಂದರೆ ಇಲ್ಲ. ಪಿಡಿಎಫ್ ಬೇಡ. ಎ4 ಪುಟವನ್ನು ಫೋನಿನಲ್ಲಿ ಹಿಗ್ಗಿಸಿ, ಅತ್ತಿತ್ತ ಎಳೆದು ಓದಬೇಕು, ಸಿಗ್ನಲ್ ಇಲ್ಲದ ಕಡೆ ಅದು ಡೌನ್‌ಲೋಡ್ ಕೂಡ ಆಗಲ್ಲ.

ವಿರಾಜಪೇಟೆಯಿಂದ: ನಮ್ಮ ಬೆಳೆಗಾರರ ಸಂಘದ ನೋಟಿಸ್‌ಗೂ ಹೀಗೇ ಮಾಡಿದೆ, ಸಭೆಯ ದಿನ, ಜಾಗ ಮೇಲೆ. ಹಿರಿಯರೊಬ್ಬರು 'ಇದೇನು, ನಮಸ್ಕಾರ ಕೂಡ ಇಲ್ಲ, ಕೋರ್ಟ್ ನೋಟಿಸಾ?' ಅಂದರು. ಅದಕ್ಕೇನು ಮಾಡ್ತೀರಿ? ಅಕ್ಷರ ದೊಡ್ಡದು ಮಾಡಿದರೆ ಸಾಕಾಗಲ್ವಾ?

ಮಡಿಕೇರಿ ಟ್ರಾವೆಲ್ಸ್: ಅಕ್ಷರ ದೊಡ್ಡದಾದರೆ ಸ್ಕ್ರೀನಿಗೆ ಹಿಡಿಸುವ ಮಾತು ಇನ್ನೂ ಕಮ್ಮಿ. ನಾನು 'ನಮಸ್ಕಾರ' ಒಂದೇ ಪದ ಇಟ್ಟು ಮುಂದೆ ಹೋಗುತ್ತೇನೆ. ಸಂಘದ ಹಿರಿಯರಿಗೆ ಅಷ್ಟು ಸಾಕೋ ಇಲ್ಲವೋ ನೀವೇ ನೋಡಬೇಕು ಸಾರ್.

ಗಾಳಿಬೀಡು ಹೋಂಸ್ಟೇ: ಜಿಗಣೆ ವಿಷಯ ಮೇಲೆ ಹಾಕಲಾ? ಹೆದರಿ ಕ್ಯಾನ್ಸಲ್ ಮಾಡಿಬಿಟ್ಟರೆ?

ಮಡಿಕೇರಿ ಟ್ರಾವೆಲ್ಸ್: ಮನೆ ಬಿಡುವ ಮುಂಚೆ ತಿಳಿಯಬೇಕಾದ್ದು ಮಾತ್ರ ಮೇಲೆ. ಜಿಗಣೆ ಕಾಲುಚೀಲ ಊರಿಂದಲೇ ತರಬೇಕು ಅಂದರೆ ಜೀಪಿನ ಕೆಳಗೆ ಒಂದು ಸಾಲು ಹಾಕಿ. ನೀವೇ ಕೊಡೋದಾದರೆ ಆ ಮಾತು ಬಂದಮೇಲೆ ಹೇಳಿದರಾಯ್ತು.